ನಾಲ್ಕನೇ ಗಂಟೆಯ ಮುಖ

ಎಣ್ಣೆ ಚರ್ಮಕ್ಕೆ ಮ್ಯಾಟ್, ಒಣ ಚರ್ಮಕ್ಕೆ ಡ್ಯೂಯಿ. ಸೌಂದರ್ಯವರ್ಧಕಗಳ ಅಂಗಡಿಗೆ ಹೋಗಿ ಫೌಂಡೇಶನ್ ಕೇಳಿದವರಿಗೆ ಮೊದಲು ಸಿಗುವ ಸಲಹೆ ಇದು. ತಪ್ಪೇನಲ್ಲ, ಆದರೆ ಅರ್ಧ ಮಾತ್ರ ಹೇಳಿದಂತೆ. ಮುಖದ ಸುತ್ತ ಇರುವ ಗಾಳಿಯ ಲೆಕ್ಕ ಇದರಲ್ಲಿ ಬಂದೇ ಇಲ್ಲ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಮ್ಯಾಟ್ ಫೌಂಡೇಶನ್ ಮಧ್ಯಾಹ್ನದ ಹೊತ್ತಿಗೆ ತಾನೇ ಹೊಳೆಯತೊಡಗುತ್ತದೆ, ಡ್ಯೂಯಿ ಹಚ್ಚಿದ್ದರೆ ಅದು ಜಿಡ್ಡಾಗಿರುತ್ತದೆ. ಅದೇ ಡ್ಯೂಯಿ ಕಲಬುರಗಿಯ ಒಣ ಬಿಸಿಲಿನಲ್ಲಿ ಒಂದೆರಡು ಗಂಟೆಯಲ್ಲಿ ಹೊಳಪು ಇಳಿದು ಸಹಜ ಚರ್ಮದಂತೆ ಕಾಣುತ್ತದೆ. ಹಾಗಾಗಿ ಹಚ್ಚಿದ ಹತ್ತು ನಿಮಿಷಕ್ಕೆ ಕನ್ನಡಿಯಲ್ಲಿ ಹೇಗೆ ಕಾಣುತ್ತೇವೆ ಎಂದು ನೋಡಿ ಆರಿಸುವುದಕ್ಕಿಂತ, ನಾಲ್ಕನೇ ಗಂಟೆಗೆ ಆ ಊರಿನ ಗಾಳಿಯಲ್ಲಿ ಹೇಗೆ ಕಾಣುತ್ತೇವೆ ಎಂದು ಯೋಚಿಸಿ ಆರಿಸಬೇಕು.

ಎರಡಕ್ಕೂ ಬಣ್ಣ ಕೊಡುವ ಪದಾರ್ಥಗಳು ಹೆಚ್ಚುಕಡಿಮೆ ಒಂದೇ. ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಹಳದಿ, ಕೆಂಪು, ಕಪ್ಪು ಛಾಯೆಗಳಿಗೆ ಕಬ್ಬಿಣದ ಆಕ್ಸೈಡುಗಳು. ವ್ಯತ್ಯಾಸ ಇರುವುದು ಉಳಿದ ಭಾಗದಲ್ಲಿ. ಮ್ಯಾಟ್ ಸೀಸೆಯಲ್ಲಿ ಬೇಗ ಆವಿಯಾಗಿ ಹೋಗುವ ದ್ರವ ಹೆಚ್ಚು, ಜೊತೆಗೆ ಸಿಲಿಕಾ, ಪಿಷ್ಟ, ಜೇಡಿಯಂಥ ನುಣುಪಾದ ಪುಡಿಗಳು. ದ್ರವ ಆರಿದ ಮೇಲೆ ಚರ್ಮದ ಮೇಲೆ ಉಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನವಿರುವ ಒಂದು ಪದರ. ಅದರ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರುವುದರಿಂದ ಹೊಳಪು ಕಾಣುವುದಿಲ್ಲ. ಮೇಲೆ ಬರುವ ಎಣ್ಣೆಯನ್ನೂ ಆ ಪುಡಿಗಳು ಹೀರಿಕೊಳ್ಳುತ್ತವೆ. ಡ್ಯೂಯಿಯಲ್ಲಿ ಆವಿಯಾಗದೆ ಉಳಿಯುವ ಎಣ್ಣೆ, ಗ್ಲಿಸರಿನ್‌ಗಳದ್ದೇ ಮೇಲುಗೈ, ಕೆಲವದರಲ್ಲಿ ಅಭ್ರಕದ ಮಿನುಗುಪುಡಿಯೂ ಇರುತ್ತದೆ. ಅದು ಚರ್ಮದ ಮೇಲೆ ನಯವಾದ, ಸ್ವಲ್ಪ ಒದ್ದೆ ಎನಿಸುವ ಪದರವಾಗಿ ಉಳಿದು, ಕೆನ್ನೆಯ ಮೂಳೆ, ಮೂಗಿನ ತುದಿಗಳಲ್ಲಿ ಬೆಳಕನ್ನು ನೇರವಾಗಿ ತಿರುಗಿಸಿ ಕಳಿಸುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಎಣ್ಣೆ ಮತ್ತು ಬೆವರನ್ನು ಒಂದೇ ಎಂದುಕೊಂಡು. ಮ್ಯಾಟ್ ಪುಡಿ ಎಣ್ಣೆಗೆ ಸಿದ್ಧವಾಗಿರುತ್ತದೆ, ಬೆವರಿಗಲ್ಲ. ಬೆವರು ಒಳಗಿನಿಂದ ಹನಿಯಾಗಿ ಬಂದು ಪದರವನ್ನೇ ಮೇಲಕ್ಕೆತ್ತುತ್ತದೆ, ಕೆಳಗಿಳಿಯುವಾಗ ಬಣ್ಣವನ್ನೂ ಜೊತೆಗೆ ಒಯ್ಯುತ್ತದೆ. ಕರಾವಳಿಯಲ್ಲಿ ಗಾಳಿ ಆಗಲೇ ತೇವದಿಂದ ತುಂಬಿರುವುದರಿಂದ ಬೆವರು ಆರುವುದೂ ಇಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಬಿಸಿಲಿದ್ದರೂ ಬೆವರು ಬಂದಷ್ಟೂ ಆರಿಹೋಗುತ್ತದೆ, ಮುಖದ ಮೇಲೆ ಎಣ್ಣೆ ಮಾತ್ರ ಉಳಿಯುತ್ತದೆ. ನಿಮ್ಮ ಮುಖದ ಮೇಲಿನ ಹೊಳಪು ಯಾವುದರದ್ದು ಎಂದು ತಿಳಿಯಲು ತೆಳುವಾದ ಟಿಶ್ಯೂ ಕಾಗದವೊಂದು ಸಾಕು. ಹಣೆಗೆ ಒತ್ತಿ ತೆಗೆದು ಬೆಳಕಿಗೆ ಹಿಡಿಯಿರಿ. ಒದ್ದೆಯಾದ ಗುರುತು ಐದು ನಿಮಿಷದಲ್ಲಿ ಆರಿ ಮಾಯವಾದರೆ ಅದು ಬೆವರು. ಪಾರದರ್ಶಕ ಕಲೆ ಹಾಗೇ ಉಳಿದರೆ ಎಣ್ಣೆ. ಸಾಮಾನ್ಯವಾಗಿ ಎರಡೂ ಇರುತ್ತವೆ, ಯಾವುದು ಹೆಚ್ಚು ಎಂಬುದಷ್ಟೇ ಪ್ರಶ್ನೆ.

ಚರ್ಮದ ಸ್ವಭಾವ ತಿಳಿಯಲೂ ಇದೇ ಕಾಗದ ಸಾಕು. ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಟ್ಟು, ಹಣೆ, ಮೂಗು, ಕೆನ್ನೆ, ಗಲ್ಲಕ್ಕೆ ಬೇರೆ ಬೇರೆಯಾಗಿ ಒತ್ತಿ ನೋಡಬೇಕು. ಹಣೆ, ಮೂಗಿನಲ್ಲಿ ಎಣ್ಣೆಯ ಕಲೆ, ಕೆನ್ನೆಯಲ್ಲಿ ಏನೂ ಇಲ್ಲ ಎಂದರೆ ಮಿಶ್ರ ಚರ್ಮ. ಎಣ್ಣೆಯ ಕಲೆಯೂ ಇದೆ, ನಕ್ಕರೆ ಕೆನ್ನೆ ಬಿಗಿದಂತೆಯೂ ಆಗುತ್ತದೆ ಎಂದರೆ ಚರ್ಮಕ್ಕೆ ಎಣ್ಣೆ ಸಾಕಷ್ಟಿದ್ದರೂ ನೀರು ಸಾಲುತ್ತಿಲ್ಲ. ಇಂಥ ಚರ್ಮಕ್ಕೆ ಜಿಡ್ಡಿನ ಭಯದಿಂದ ಮ್ಯಾಟ್ ಮೇಲೆ ಮ್ಯಾಟ್ ಬಳಿಯುವುದೇ ದೊಡ್ಡ ತಪ್ಪು. ಒಣಗಿದ ಸಿಪ್ಪೆಗಳಿಗೆ ಪುಡಿ ಕಚ್ಚಿಕೊಂಡು ಮುಖ ತೇಪೆ ತೇಪೆಯಾಗುತ್ತದೆ.

ನಮ್ಮ ಕಂದು ಮೈಬಣ್ಣಕ್ಕೆ ಇನ್ನೊಂದು ವಿಷಯ ಸೇರಿಸಬೇಕು. ಬಣ್ಣ ಗಾಢವಾದಷ್ಟೂ ಚರ್ಮ ತಾನಾಗಿ ಚೆದುರಿಸುವ ಬೆಳಕು ಕಡಿಮೆ, ಆದ್ದರಿಂದ ಮೇಲಿನ ಹೊಳಪು ಎದ್ದು ಕಾಣುತ್ತದೆ. ಬಿಳಿ ಮುಖದ ಮೇಲೆ ತಿಳಿಯಾಗಿ ಕಾಣುವ ಡ್ಯೂಯಿ ನಮ್ಮಲ್ಲಿ ಫೋಟೊದಲ್ಲಿ ಎಣ್ಣೆ ಸುರಿದಂತೆ ಬರುವುದು ಅದಕ್ಕೇ. ಹಾಗೆಂದು ಪೂರ್ತಿ ಮ್ಯಾಟ್‌ಗೆ ಹೋದರೆ ಬಿಳಿ ಪುಡಿ ಹೆಚ್ಚಿ ಮುಖ ಬೂದಿ ಬಳಿದಂತಾಗುತ್ತದೆ. ಎರಡರ ನಡುವಿನ, ಸೀಸೆಯ ಮೇಲೆ ಸ್ಯಾಟಿನ್ ಅಥವಾ ನ್ಯಾಚುರಲ್ ಎಂದು ಬರೆದಿರುವ ಬಗೆಯನ್ನು ನಮ್ಮವರು ಇನ್ನೂ ಹೆಚ್ಚು ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಎರಡೂ ಬಗೆ ಜನಪ್ರಿಯವಾದದ್ದು ನಮ್ಮ ಹವೆಗಿಂತ ತೀರಾ ಬೇರೆಯಾದ ಕಡೆ. ಹಾಲಿವುಡ್‌ನ ಮ್ಯಾಕ್ಸ್ ಫ್ಯಾಕ್ಟರ್ 1930ರ ದಶಕದ ಕೊನೆಯಲ್ಲಿ ತಂದ ಪ್ಯಾನ್-ಕೇಕ್ ಅನ್ನು ರೂಪಿಸಿದ್ದು ಬಣ್ಣದ ಸಿನಿಮಾಕ್ಕಾಗಿ. ಪ್ರಖರ ದೀಪಗಳ ಕೆಳಗೆ ಹಳೆಯ ಜಿಡ್ಡು ಬಣ್ಣ ಹೊಳೆದು ಚಿತ್ರ ಕೆಡುತ್ತಿತ್ತು, ಮ್ಯಾಟ್ ಅದಕ್ಕೆ ಪರಿಹಾರವಾಯಿತು. ಇತ್ತೀಚಿನ ಡ್ಯೂಯಿ ಅಲೆ ಹೆಚ್ಚಾಗಿ ದಕ್ಷಿಣ ಕೊರಿಯಾದಿಂದ ಬಂದದ್ದು. ಅಲ್ಲಿನ ಅಮೋರ್‌ಪೆಸಿಫಿಕ್ ಕಂಪನಿ 2008ರಲ್ಲಿ ಸ್ಪಂಜಿನಲ್ಲಿ ದ್ರವ ತುಂಬಿದ ಕುಶನ್ ಕಾಂಪ್ಯಾಕ್ಟ್ ಹೊರತಂದ ಮೇಲೆ ನೀರಿನಂಥ ಹೊಳಪು ಎಲ್ಲೆಡೆ ಹರಡಿತು. ಸೋಲ್‌ನ ಚಳಿಗಾಲ ಕೊರೆಯುವಷ್ಟು ತಣ್ಣಗೆ, ಒಣ. ಅಲ್ಲಿನ ಚರ್ಮಕ್ಕೆ ಆ ತೇವ ಬೇಕೇ ಬೇಕು. ಉಡುಪಿಯ ಜೂನ್‌ನಲ್ಲಿ ಗಾಳಿಯೇ ಅದನ್ನು ಕೊಡುತ್ತದೆ.

ಒಂದು ಉದಾಹರಣೆಯಲ್ಲಿ ಇದನ್ನೆಲ್ಲ ನೋಡೋಣ. ಮದುಮಗಳ ಊರು ಮಂಗಳೂರು, ಗಂಡಿನ ಮನೆ ಕಲಬುರಗಿ. ಮದುವೆ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ, ಎಸಿ ಇಲ್ಲದ ಸಭಾಭವನದಲ್ಲಿ, ಮುಂದೆ ಹೋಮದ ಬೆಂಕಿ. ವಾರದ ನಂತರ ಕಲಬುರಗಿಯಲ್ಲಿ ಆರತಕ್ಷತೆ. ಹುಡುಗಿಯದು ಮಿಶ್ರ ಚರ್ಮ. ಮುಖ ಒಂದೇ ಆದರೂ ಎರಡು ಕಡೆಗೂ ಒಂದೇ ಸೀಸೆ ಒಗ್ಗುವುದಿಲ್ಲ.

ಮಂಗಳೂರಿನಲ್ಲಿ ಮೊದಲ ಕೆಲಸ ಬೆವರು ನಿಲ್ಲಿಸುವುದು. ಸ್ನಾನ ಮುಗಿದ ಕೂಡಲೇ ಮೇಕಪ್ಪಿಗೆ ಕೂತರೆ ಯಾವ ಫೌಂಡೇಶನ್ನೂ ಹಿಡಿಯುವುದಿಲ್ಲ. ಅರ್ಧ ಗಂಟೆ ಫ್ಯಾನಿನ ಕೆಳಗೆ ಕೂತು ಮೈ ತಣ್ಣಗಾಗಬೇಕು, ಸಾಧ್ಯವಿದ್ದರೆ ಅಲಂಕಾರ ಎಸಿ ಕೋಣೆಯಲ್ಲಾಗಲಿ. ನಂತರ ನೀರಿನಂಥ ಜೆಲ್ ಮಾಯಿಶ್ಚರೈಸರ್, ಕೆನ್ನೆಗೆ ತುಸು ಹೆಚ್ಚು, ಹಣೆಗೆ ನೆಪಕ್ಕೆ ಮಾತ್ರ. ಅದು ಇಂಗಲು ಹತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೇಲಿನ ಪದರ ಉಂಡೆಯುಂಡೆಯಾಗಿ ಏಳುತ್ತದೆ. ಪ್ರೈಮರ್ ಮೂಗು, ಹಣೆ, ಗಲ್ಲಕ್ಕೆ ಸಾಕು. ಫೌಂಡೇಶನ್ ಮ್ಯಾಟ್ ಇರಲಿ, ನೀರಿಗೆ ಜಗ್ಗದ ಬಗೆಯದಿರಲಿ. ಪಂಪ್ ಒಂದು ಸಲ ಒತ್ತಿದರೆ ಬರುವಷ್ಟನ್ನು ಕೆನ್ನೆಯ ನಡುವಿನಿಂದ ಶುರು ಮಾಡಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒತ್ತುತ್ತಾ ಕೂದಲಂಚಿನ ಕಡೆಗೆ ತೆಳುವಾಗಿಸಬೇಕು. ಉಜ್ಜಬಾರದು. ಕಲೆ ಇದ್ದಲ್ಲಿ ಮಾತ್ರ ಇನ್ನೊಂದು ತೆಳು ಪದರ. ಸೆಕೆಯಲ್ಲಿ ಮೊದಲು ಒಡೆಯುವುದು ದಪ್ಪ ಪದರವೇ.

ಪುಡಿಯನ್ನು ಮೂಗಿನ ಎರಡು ಬದಿ, ಹಣೆಯ ನಡುಭಾಗ, ತುಟಿಯ ಕೆಳಗೆ ಒತ್ತಿದರೆ ಮುಗಿಯಿತು, ಕೆನ್ನೆಗೆ ಬೇಡ. ಹೋಮದ ಶಾಖದಲ್ಲಿ ಒಂದು ಗಂಟೆ ಕೂತ ಮೇಲೆ ಆ ಕೆನ್ನೆಗೆ ಬೇಕಾದ ಹೊಳಪು ತಾನಾಗಿ ಬಂದಿರುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಬಿಳಿ ಸಿಲಿಕಾ ಪುಡಿ ಹೆಚ್ಚಾದರೆ ಕಣ್ಣಿಗೆ ಗೊತ್ತಾಗದಿದ್ದರೂ ಫ್ಲ್ಯಾಶ್ ಬಿದ್ದಾಗ ಫೋಟೊದಲ್ಲಿ ಬೆಳ್ಳಗೆ ಕಾಣುತ್ತದೆ. ಹೊರಡುವ ಮುನ್ನ ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ನೋಡುವುದು ಒಳ್ಳೆಯದು.

ಕಲಬುರಗಿಯಲ್ಲಿ ಹೊರಗೆ ಪಾದರಸ 40 ಡಿಗ್ರಿ ದಾಟಿರುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಮೂಗಿನ ಮೇಲೆ ಎಣ್ಣೆ ಬಂದೇ ಬರುತ್ತದೆ, ಆದರೆ ಅದೇ ಹುಡುಗಿಯ ಕೆನ್ನೆ, ಬಾಯಿಯ ಅಂಚು ಬಿಗಿಯತೊಡಗುತ್ತವೆ. ಮಂಗಳೂರಿನ ಸೀಸೆಯನ್ನೇ ಇಲ್ಲಿ ಬಳಸಿದರೆ ಎರಡನೇ ಗಂಟೆಗೆ ನಗುವ ಗೆರೆಗಳಲ್ಲಿ ಸೀಳು ಕಾಣುತ್ತದೆ. ಇಲ್ಲಿ ಬೇಕಾದದ್ದು ಗ್ಲಿಸರಿನ್ ಇರುವ ಕ್ರೀಮು, ಅದು ಇಂಗಲು ಕಾಲು ಗಂಟೆ, ಮೇಲೆ ಡ್ಯೂಯಿ ಅಥವಾ ಸ್ಯಾಟಿನ್ ಫೌಂಡೇಶನ್, ಮೂಗಿಗೆ ಮಾತ್ರ ಚೂರು ಪುಡಿ. ಸಭಾಂಗಣದಲ್ಲಿರುವುದು ಎಸಿಯೋ ಏರ್ ಕೂಲರೋ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಎಸಿ ಗಾಳಿಯ ತೇವ ಹೀರುತ್ತದೆ, ಕೂಲರ್ ನೀರಿನ ಮೂಲಕ ಗಾಳಿ ಹಾಯಿಸಿ ತೇವ ಸೇರಿಸುತ್ತದೆ. ನಾಲ್ಕಾರು ಕೂಲರುಗಳಿರುವ, ಜನ ತುಂಬಿದ ಮುಚ್ಚಿದ ಸಭಾಂಗಣದೊಳಗೆ ಕರಾವಳಿಯ ಸೆಕೆಯಂಥದೇ ಸ್ಥಿತಿ ಇರುತ್ತದೆ. ಆಗ ಸ್ಯಾಟಿನ್ ಆರಿಸಿ, ಪುಡಿಯ ಜಾಗವನ್ನು ಹಣೆಯವರೆಗೂ ವಿಸ್ತರಿಸಬಹುದು.

ನಡುವೆ ಮುಖ ಹೊಳೆದಾಗ ಎಲ್ಲರ ಕೈ ಕಾಂಪ್ಯಾಕ್ಟಿಗೆ ಹೋಗುತ್ತದೆ. ಬೆವರಿನ ಮೇಲೆ ಪುಡಿ ಬಿದ್ದರೆ ಅದು ಕಲಸಿದ ಹಿಟ್ಟಾಗಿ ರೋಮರಂಧ್ರಗಳಲ್ಲಿ ಕೂರುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ಮೊದಲು ಟಿಶ್ಯೂವನ್ನು ಎರಡು ಪದರ ಮಾಡಿ ಒತ್ತಿ, ಎಳೆಯದೆ ತೆಗೆಯಬೇಕು. ಬೆವರಾಗಿದ್ದರೆ ಫ್ಯಾನಿನ ಗಾಳಿಯಲ್ಲಿ ಆರಲು ಬಿಟ್ಟು ಆಮೇಲೆ ನೋಡಬೇಕು, ಹಲವು ಸಲ ಪುಡಿಯೇ ಬೇಕಾಗುವುದಿಲ್ಲ. ಎಣ್ಣೆಯಾಗಿದ್ದರೆ ಒತ್ತಿ ತೆಗೆದ ಮೇಲೆ ತೆಳುವಾಗಿ ಪುಡಿ. ಬಾಯಿಯ ಅಂಚಿನಲ್ಲಿ ಸೀಳು ಬಿಟ್ಟಿದ್ದರೆ ಪುಡಿ ಮುಟ್ಟಲೇಬಾರದು. ಬೆರಳ ತುದಿಯಲ್ಲಿ ಚೂರು ಕ್ರೀಮು ತೆಗೆದುಕೊಂಡು ಆ ಜಾಗಕ್ಕೆ ಮೆಲ್ಲಗೆ ತಟ್ಟಿದರೆ ಪದರ ಮತ್ತೆ ಕೂಡಿಕೊಳ್ಳುತ್ತದೆ.

ಮಧ್ಯಾಹ್ನಕ್ಕೆ ಫೌಂಡೇಶನ್ ಕಪ್ಪಾಯಿತು ಎಂಬ ದೂರು ಎಣ್ಣೆ ಚರ್ಮದವರಲ್ಲಿ ಸಾಮಾನ್ಯ. ಒಣ ಮಣ್ಣಿಗೆ ನೀರು ಬಿದ್ದರೆ ಬಣ್ಣ ಗಾಢವಾಗುವ ಹಾಗೆ, ಪುಡಿಗೆ ಎಣ್ಣೆ ತಾಗಿದಾಗ ಅದರ ಛಾಯೆ ಇಳಿಯುತ್ತದೆ. ಇಂಥವರು ಅಂಗಡಿಯ ದೀಪದ ಕೆಳಗೆ, ಹಚ್ಚಿದ ಕೂಡಲೇ ಛಾಯೆ ಆರಿಸಬಾರದು.

ಕೊಳ್ಳುವ ಮುನ್ನ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಬೆಳಿಗ್ಗೆ ಅಂಗಡಿಗೆ ಹೋಗಿ ಎಡ ದವಡೆಯಿಂದ ಕೆನ್ನೆಯವರೆಗೆ ಮ್ಯಾಟ್, ಬಲಗಡೆ ಸ್ಯಾಟಿನ್ ಅಥವಾ ಡ್ಯೂಯಿ ಹಚ್ಚಿಸಿಕೊಂಡು, ಕೊಳ್ಳದೆ ಹೊರಬನ್ನಿ. ಬಸ್ಸು ಹತ್ತಿ, ಕೆಲಸಕ್ಕೆ ಹೋಗಿ, ಊಟ ಮಾಡಿ. ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಎರಡು ಕಡೆಯ ಫೋಟೊ ತೆಗೆದು, ಎರಡೂ ಕಡೆ ಟಿಶ್ಯೂ ಒತ್ತಿ ನೋಡಿ. ಸಂಜೆ ಹಿಂದಿರುಗುವಾಗ ಯಾವ ಸೀಸೆ ಕೇಳಬೇಕೆಂದು ನಿಮಗೇ ಗೊತ್ತಿರುತ್ತದೆ. ಮಳೆಗಾಲ ಹಿಡಿದ ಮೇಲೆ ಅಥವಾ ಡಿಸೆಂಬರಿನ ಒಣಹವೆ ಶುರುವಾದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ.