ಇನ್ವರ್ಟರ್ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ?

ಕರೆಂಟ್ ಹೋದ ಕ್ಷಣ ಇನ್ವರ್ಟರಿನೊಳಗೆ ‘ಟಕ್’ ಎಂಬ ಸದ್ದಾಗುತ್ತದೆ. ಅದು ರಿಲೇ ಎಂಬ ಸ್ವಿಚ್ ಬದಲಾದ ಸದ್ದು. ಅಲ್ಲಿಯವರೆಗೆ ಕಂಬದಿಂದ ಬರುವ ಕರೆಂಟನ್ನು ಮನೆಗೆ ಹಾಗೆಯೇ ಬಿಡುತ್ತ, ಸ್ವಲ್ಪವನ್ನು ಬ್ಯಾಟರಿ ಚಾರ್ಜ್ ಮಾಡಲು ಬಳಸುತ್ತಿದ್ದ ಯಂತ್ರ ಈಗ ತಿರುಗಿ ಕೆಲಸ ಮಾಡುತ್ತದೆ. ಬ್ಯಾಟರಿ ಕೊಡುವುದು 12 ವೋಲ್ಟಿನ, ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್. ಇನ್ವರ್ಟರ್ ಅದರ ದಿಕ್ಕನ್ನು ಸೆಕೆಂಡಿಗೆ 50 ಆವರ್ತನಗಳಂತೆ ಹಿಂದೆಮುಂದೆ ಬದಲಿಸಿ, ಟ್ರಾನ್ಸ್‌ಫಾರ್ಮರ್ ಮೂಲಕ ಸುಮಾರು 230 ವೋಲ್ಟಿಗೆ ಏರಿಸುತ್ತದೆ. ಈ ಬದಲಾವಣೆ ಒರಟಾಗಿರುವ ‘ಸ್ಕ್ವೇರ್ ವೇವ್’ ಯಂತ್ರಗಳಲ್ಲಿ ಫ್ಯಾನು ಗುಂಯ್‌ಗುಡುತ್ತದೆ. ‘ಸೈನ್ ವೇವ್’ ಆದರೆ ಆ ತೊಂದರೆ ಇರುವುದಿಲ್ಲ.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು 150 ಆ್ಯಂಪಿಯರ್-ಗಂಟೆಯ ಸೀಸ-ಆಮ್ಲದ ಬ್ಯಾಟರಿ. ಅದನ್ನು 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್-ಗಂಟೆ. 75 ವ್ಯಾಟಿನ ಎರಡು ಫ್ಯಾನು, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ಒಂದು ವೈಫೈ ರೂಟರ್ ಸೇರಿ ಸುಮಾರು 200 ವ್ಯಾಟ್ ಎಂದುಕೊಂಡರೆ ಒಂಬತ್ತು ಗಂಟೆ ಬರಬೇಕು. ಹೊಸ ಬ್ಯಾಟರಿಯಲ್ಲೂ ಐದೂವರೆ ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತದೆ.

ಈ ವ್ಯತ್ಯಾಸಕ್ಕೆ ಮೋಸ ಕಾರಣವಲ್ಲ. ದಿಕ್ಕು ಬದಲಿಸಿ ವೋಲ್ಟೇಜ್ ಏರಿಸುವಾಗ ಐದನೇ ಒಂದು ಭಾಗದಷ್ಟು ಶಕ್ತಿ ಶಾಖವಾಗಿ ಹೋಗುವುದುಂಟು. ಹಾಗಾಗಿ 200 ವ್ಯಾಟ್ ಕೊಡಲು ಬ್ಯಾಟರಿಯಿಂದ 250 ವ್ಯಾಟ್, ಅಂದರೆ ಸುಮಾರು 21 ಆ್ಯಂಪಿಯರ್ ಎಳೆಯಬೇಕು. ಇನ್ನೊಂದು ಕಾರಣ ಬ್ಯಾಟರಿಯ ಮೇಲೆ ಬರೆದ ‘C20’ ಎಂಬ ಗುರುತಿನಲ್ಲಿದೆ. 150 ಎಂಬುದು 20 ಗಂಟೆಗಳ ಕಾಲ ಬರೀ ಏಳೂವರೆ ಆ್ಯಂಪಿಯರಿನಂತೆ ನಿಧಾನವಾಗಿ ತೆಗೆದಾಗ ಸಿಗುವ ಲೆಕ್ಕ. ಬೇಗ ಎಳೆದರೆ ಆಮ್ಲವು ಪ್ಲೇಟುಗಳ ಒಳಭಾಗದವರೆಗೆ ಅದೇ ವೇಗದಲ್ಲಿ ತಲುಪುವುದಿಲ್ಲ. 21 ಆ್ಯಂಪಿಯರಿನಲ್ಲಿ 120ರಷ್ಟು ಸಿಕ್ಕರೆ ಹೆಚ್ಚು. ವೋಲ್ಟೇಜ್ ಸುಮಾರು ಹತ್ತೂವರೆಗೆ ಇಳಿದಾಗ ಬ್ಯಾಟರಿ ಕೆಡದಿರಲೆಂದು ಇನ್ವರ್ಟರ್ ತಾನೇ ನಿಲ್ಲುತ್ತದೆ. ಇದೇ ಕಾರಣಕ್ಕೆ ಲೋಡನ್ನು ಅರ್ಧಕ್ಕೆ ಇಳಿಸಿದರೆ ಸಮಯ ಎರಡರಷ್ಟಕ್ಕಿಂತ ತುಸು ಹೆಚ್ಚೇ ಸಿಗುತ್ತದೆ. 75 ವ್ಯಾಟಿನ ಫ್ಯಾನುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕುವುದು, ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಜಾಣತನ.

ಖಾಲಿಯಾದ ಬ್ಯಾಟರಿ ತುಂಬಲು 12 ಆ್ಯಂಪಿಯರಿನ ಚಾರ್ಜರಿಗೆ ಹತ್ತು ಗಂಟೆಗೂ ಮೀರಿ ಬೇಕು. ಬೇಸಿಗೆಯಲ್ಲಿ ಅಷ್ಟರೊಳಗೆ ಮತ್ತೆ ಕರೆಂಟ್ ಹೋದರೆ ಅದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ದಿನಗಟ್ಟಲೆ ಹೀಗಾದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ಆ ಭಾಗ ಮತ್ತೆ ಚಾರ್ಜ್ ಆಗುವುದಿಲ್ಲ. ನೀರು ಆರಿ ಪ್ಲೇಟು ಗಾಳಿಗೆ ತೆರೆದುಕೊಂಡರೂ ಇದೇ ಗತಿ. ಆದ್ದರಿಂದ ಮುಚ್ಚಳದ ಮೇಲಿನ ತೇಲುಕಡ್ಡಿ ಕೆಳಗಿನ ಗುರುತಿಗೆ ಇಳಿಯುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಲ್ಲಿ ನೀರಿನ ಲವಣಗಳು ಪ್ಲೇಟನ್ನು ಕೆಡಿಸುತ್ತವೆ, ಆಮ್ಲವನ್ನಂತೂ ಸುರಿಯಲೇಬಾರದು.

ಹಾಳಾಗುತ್ತಿರುವ ಬ್ಯಾಟರಿಯನ್ನು ಗುರುತಿಸುವುದು ಸುಲಭ. ಹತ್ತು ಗಂಟೆ ಬೇಕಿದ್ದ ಚಾರ್ಜು ಎರಡೇ ಗಂಟೆಯಲ್ಲಿ ‘ಪೂರ್ಣ’ ಎಂದು ತೋರಿಸುತ್ತದೆ. ಕರೆಂಟ್ ಹೋದ ಅರ್ಧ ಗಂಟೆಗೇ ಬೀಪ್ ಶುರುವಾಗುತ್ತದೆ.