ಮೊತ್ತ ತಾಳೆಯಾದರೆ ಸಾಲದು: ನಗದು ಹರಿವಿನ ಪಟ್ಟಿಯ ಲೆಕ್ಕಪರಿಶೋಧನೆ

ಕಂಪನಿಯೊಂದರ ವಾರ್ಷಿಕ ಲೆಕ್ಕಪತ್ರದಲ್ಲಿ ಬ್ಯಾಲೆನ್ಸ್ ಶೀಟ್ ಮತ್ತು ಲಾಭ-ನಷ್ಟ ಖಾತೆಯ ಜೊತೆಗೆ ನಗದು ಹರಿವಿನ ಪಟ್ಟಿಯೂ ಇರುತ್ತದೆ. ವರ್ಷದ ಆರಂಭದಲ್ಲಿದ್ದ ಹಣ ವರ್ಷದ ಕೊನೆಯಲ್ಲಿ ಎಷ್ಟಾಯಿತು, ನಡುವೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಅದು ಮೂರು ಭಾಗಗಳಲ್ಲಿ ಹೇಳುತ್ತದೆ. ದಿನನಿತ್ಯದ ವ್ಯಾಪಾರದಿಂದ ಬಂದದ್ದು ಮತ್ತು ಹೋದದ್ದು ಕಾರ್ಯಾಚರಣೆಯ ಭಾಗದಲ್ಲಿ, ಯಂತ್ರ, ಕಟ್ಟಡ, ಠೇವಣಿಗಳ ಖರೀದಿ-ಮಾರಾಟ ಹೂಡಿಕೆಯ ಭಾಗದಲ್ಲಿ, ಸಾಲ, ಷೇರು ಬಂಡವಾಳ, ಬಡ್ಡಿ ಪಾವತಿ, ಲಾಭಾಂಶ ಪಾವತಿ ಹಣಕಾಸಿನ ಭಾಗದಲ್ಲಿ ಬರುತ್ತವೆ. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ ಪ್ರಕಾರ ಈ ಪಟ್ಟಿ ಹಣಕಾಸು ಲೆಕ್ಕಪತ್ರದ ಅಂಗ. ಸಣ್ಣ ಕಂಪನಿ, ಏಕವ್ಯಕ್ತಿ ಕಂಪನಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ದೊಡ್ಡ ಕಂಪನಿಗಳು ಇದನ್ನು ಇಂಡ್ ಎಎಸ್ 7ರಂತೆ, ಉಳಿದವು ಎಎಸ್ 3ರಂತೆ ಸಿದ್ಧಪಡಿಸುತ್ತವೆ.

ಹೆಚ್ಚಿನ ಕಂಪನಿಗಳು ಈ ಪಟ್ಟಿಯನ್ನು ಬ್ಯಾಂಕ್ ಪಾಸ್‌ಬುಕ್ ನೋಡಿ ಬರೆಯುವುದಿಲ್ಲ. ಲಾಭದಿಂದ ಶುರುಮಾಡಿ, ಸವಕಳಿಯಂಥ ಹಣವಿಲ್ಲದ ವೆಚ್ಚವನ್ನು ಮರಳಿ ಕೂಡಿಸಿ, ಎರಡು ಬ್ಯಾಲೆನ್ಸ್ ಶೀಟ್‌ಗಳ ನಡುವಿನ ವ್ಯತ್ಯಾಸಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುತ್ತವೆ. ಆಸ್ತಿಗಳ ಮೊತ್ತ ಮತ್ತು ಬಂಡವಾಳ-ಹೊಣೆಗಳ ಮೊತ್ತ ಎರಡೂ ವರ್ಷ ಸಮನಾಗಿರುವುದರಿಂದ, ನಗದನ್ನು ಬಿಟ್ಟು ಉಳಿದೆಲ್ಲ ವ್ಯತ್ಯಾಸಗಳನ್ನು ಸರಿಯಾದ ಚಿಹ್ನೆಯೊಂದಿಗೆ ಕೂಡಿಸಿದರೆ ನಗದಿನ ವ್ಯತ್ಯಾಸ ಬಂದೇ ಬರುತ್ತದೆ. ಹೀಗಾಗಿ ಪಟ್ಟಿಯ ಕೊನೆಯ ಸಾಲು ತಾಳೆಯಾಗುವುದು ಯಾವ ವ್ಯತ್ಯಾಸವೂ ಬಿಟ್ಟುಹೋಗಿಲ್ಲ ಎಂಬುದನ್ನು ಮಾತ್ರ ತೋರಿಸುತ್ತದೆ. ಪ್ರತಿಯೊಂದು ವ್ಯತ್ಯಾಸವೂ ಸರಿಯಾದ ಭಾಗದಲ್ಲಿ ಕೂತಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಲೆಕ್ಕಪರಿಶೋಧಕನ ನಿಜವಾದ ಕೆಲಸ ಇರುವುದು ಇಲ್ಲಿ.

ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದನ್ನು ಕಲ್ಪಿಸಿಕೊಂಡು ಲೆಕ್ಕ ನೋಡಬಹುದು. ಎಲ್ಲ ಅಂಕಿಗಳೂ ಲಕ್ಷ ರೂಪಾಯಿಗಳಲ್ಲಿವೆ. ಒಂದು ವರ್ಷದಲ್ಲಿ ಅದರ ಸ್ಥಿರಾಸ್ತಿ 400ರಿಂದ 520ಕ್ಕೆ, ದಾಸ್ತಾನು 150ರಿಂದ 170ಕ್ಕೆ, ಗ್ರಾಹಕರಿಂದ ಬರಬೇಕಾದ ಬಾಕಿ 200ರಿಂದ 260ಕ್ಕೆ ಏರಿತು. ಇನ್ನೊಂದು ಬದಿಯಲ್ಲಿ ಬ್ಯಾಂಕ್ ಸಾಲ 200ರಿಂದ 250ಕ್ಕೆ, ಕೊಡಬೇಕಾದ ಬಾಕಿ 190ರಿಂದ 245ಕ್ಕೆ ಹೋಯಿತು. ನಗದು 40ರಿಂದ 35ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಲಾಭ 120, ಕಟ್ಟಿದ ತೆರಿಗೆ 30, ಉಳಿದ 90 ಪೂರ್ತಿಯಾಗಿ ಮೀಸಲಿಗೆ ಸೇರಿದೆ. ಸವಕಳಿ 60, ಕಟ್ಟಿದ ಬಡ್ಡಿ 24. ಪುಸ್ತಕ ಬೆಲೆ 20 ಇದ್ದ ಹಳೆಯ ಯಂತ್ರವೊಂದು 26ಕ್ಕೆ ಮಾರಾಟವಾಗಿದೆ.

ಕಂಪನಿ ಕೊಟ್ಟ ಪಟ್ಟಿ ಹೀಗಿದೆ. 120ಕ್ಕೆ ಸವಕಳಿ 60 ಮತ್ತು ಬಡ್ಡಿ 24 ಕೂಡಿಸಿ, ಯಂತ್ರ ಮಾರಿದ ಲಾಭ 6 ಕಳೆದರೆ 198. ದಾಸ್ತಾನಿನ ಏರಿಕೆ 20, ಬರಬೇಕಾದ ಬಾಕಿಯ ಏರಿಕೆ 60 ಕಳೆದು, ಕೊಡಬೇಕಾದ ಬಾಕಿಯ ಏರಿಕೆ 55 ಕೂಡಿಸಿದರೆ 173. ತೆರಿಗೆ 30 ಹೋಗಿ ಕಾರ್ಯಾಚರಣೆಯಿಂದ ಬಂದದ್ದು 143. ಹೂಡಿಕೆಯಲ್ಲಿ ಯಂತ್ರ ಖರೀದಿಗೆ 200 ಹೋಗಿ, ಹಳೆಯದರಿಂದ 26 ಬಂದು, ನಿವ್ವಳ 174 ಹೊರಹೋಗಿದೆ. ಹಣಕಾಸಿನ ಭಾಗದಲ್ಲಿ ಸಾಲದಿಂದ 50 ಬಂದು ಬಡ್ಡಿ 24 ಹೋಗಿ 26 ಉಳಿದಿದೆ. 143ರಿಂದ 174 ಕಳೆದು 26 ಕೂಡಿಸಿದರೆ 5ರ ಇಳಿಕೆ. ನಗದು 40ರಿಂದ 35ಕ್ಕೆ ಇಳಿದದ್ದಕ್ಕೆ ಸರಿಹೋಯಿತು. ಮೇಲ್ನೋಟಕ್ಕೆ ಯಾವ ತಪ್ಪೂ ಕಾಣುವುದಿಲ್ಲ.

ಪರಿಶೋಧಕ ಮೊದಲು ಸ್ಥಿರಾಸ್ತಿಯ ಚಲನೆಯನ್ನು ಕಟ್ಟಿ ನೋಡುತ್ತಾನೆ. ಆರಂಭದ 400ರಿಂದ ಮಾರಿದ ಯಂತ್ರದ ಪುಸ್ತಕ ಬೆಲೆ 20 ಮತ್ತು ಸವಕಳಿ 60 ಕಳೆದರೆ 320. ಕೊನೆಯಲ್ಲಿ 520 ಇರಬೇಕಾದರೆ ವರ್ಷದಲ್ಲಿ 200ರ ಆಸ್ತಿ ಸೇರಿರಲೇಬೇಕು. ಸ್ಥಿರಾಸ್ತಿ ರಿಜಿಸ್ಟರ್‌ನಲ್ಲೂ 200ರ ಸೇರ್ಪಡೆಯೇ ಇದೆ. ಅನೇಕರು ಇಲ್ಲಿಗೇ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಆದರೆ ಆಸ್ತಿ ಸೇರಿದ್ದು ಮತ್ತು ಅದಕ್ಕೆ ಹಣ ಕೊಟ್ಟದ್ದು ಬೇರೆ ಬೇರೆ ಸಂಗತಿಗಳು. 200ರ ಬಿಲ್ಲುಗಳನ್ನು ಒಂದೊಂದಾಗಿ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಪಾವತಿಗಳೊಂದಿಗೆ ಹೊಂದಿಸಿದಾಗ 170ಕ್ಕೆ ಮಾತ್ರ ಪಾವತಿ ಸಿಗುತ್ತದೆ. ಉಳಿದ 30 ಮಾರ್ಚ್ ತಿಂಗಳಲ್ಲಿ ಬಂದಿಳಿದ ಒಂದು ಯಂತ್ರದ್ದು. ಅದರ ಹಣ ಮಾರ್ಚ್ 31ರವರೆಗೂ ಹೋಗಿಲ್ಲ. ಏಪ್ರಿಲ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅದರ ಪಾವತಿ ಕಾಣಿಸುತ್ತದೆ.

ಹಾಗಾದರೆ ಆ 30 ಬ್ಯಾಲೆನ್ಸ್ ಶೀಟ್‌ನಲ್ಲಿ ಎಲ್ಲಿದೆ? ಕೊಡಬೇಕಾದ ಬಾಕಿಯ 245ರ ಒಳಗೆ. ಬಾಕಿದಾರರ ಹೆಸರುವಾರು ಪಟ್ಟಿ ತರಿಸಿಕೊಂಡು ಓದಿದರೆ ಕಬ್ಬಿಣ, ಬಣ್ಣ, ಸಾಗಣೆಯವರ ಹೆಸರುಗಳ ನಡುವೆ ಯಂತ್ರ ತಯಾರಕರ ಹೆಸರು ಸಿಗುತ್ತದೆ. ಕಚ್ಚಾವಸ್ತು ಕೊಟ್ಟವರ ಬಾಕಿ ನಿಜವಾಗಿ ಏರಿದ್ದು 25 ಮಾತ್ರ. ಪಟ್ಟಿ ತಯಾರಿಸಿದವರು ಪೂರ್ತಿ 55ನ್ನು ಕಾರ್ಯಾಚರಣೆಗೆ ಕೂಡಿಸಿ, ಇನ್ನೂ ಕೊಡದ 30ನ್ನು ಹೂಡಿಕೆಯಲ್ಲಿ ಕೊಟ್ಟಂತೆ ತೋರಿಸಿದ್ದಾರೆ. ತಿದ್ದಿದ ಮೇಲೆ ಕಾರ್ಯಾಚರಣೆ 143ರಿಂದ 113ಕ್ಕೆ ಇಳಿಯುತ್ತದೆ, ಹೂಡಿಕೆಯ ಹೊರಹರಿವು 174ರಿಂದ 144ಕ್ಕೆ ಇಳಿಯುತ್ತದೆ. ಕೊನೆಯ ಸಾಲು ಮೊದಲಿನಂತೆ 5ರ ಇಳಿಕೆಯೇ. ಕಾರ್ಯಾಚರಣೆಯ ಅಂಕಿಯಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಭಾಗ ತಪ್ಪಾಗಿದ್ದರೂ ಮೊತ್ತದ ತಾಳೆಗೆ ಅದು ಗೊತ್ತೇ ಆಗಲಿಲ್ಲ. ಸಾಲ ಕೊಡುವ ಬ್ಯಾಂಕು ಕಂತು ಕಟ್ಟುವ ಶಕ್ತಿಯನ್ನು ಅಳೆಯುವಾಗ ನೋಡುವುದು ಕಾರ್ಯಾಚರಣೆಯ ಈ ಅಂಕಿಯನ್ನೇ. ಆದ್ದರಿಂದ ಇದನ್ನು ಬರೀ ಸಾಲು ಬದಲಾವಣೆ ಎಂದು ತಳ್ಳಿಹಾಕುವಂತಿಲ್ಲ.

ಇದೇ ಜಾಗದಲ್ಲಿ ಎದುರು ದಿಕ್ಕಿನ ತಪ್ಪೂ ಆಗುತ್ತದೆ. ಯಂತ್ರಕ್ಕೆಂದು ಕೊಟ್ಟ ಮುಂಗಡ ಬ್ಯಾಲೆನ್ಸ್ ಶೀಟ್‌ನಲ್ಲಿ ಇತರ ಮುಂಗಡಗಳ ಜೊತೆ ಕೂತಿದ್ದರೆ, ಅದು ಕಚ್ಚಾವಸ್ತುವಿನ ಮುಂಗಡದಂತೆ ಕಾರ್ಯಾಚರಣೆಯಲ್ಲಿ ಕಳೆದುಹೋಗುತ್ತದೆ. ಗುತ್ತಿಗೆಯ ಮೂಲಕ ಅಥವಾ ಷೇರು ಕೊಟ್ಟು ಪಡೆದ ಆಸ್ತಿಗೆ ಹಣವೇ ಓಡಾಡಿರುವುದಿಲ್ಲ. ಅಂಥದ್ದು ಪಟ್ಟಿಯ ಒಳಗೆ ಬರಕೂಡದು, ಟಿಪ್ಪಣಿಯಲ್ಲಿ ಬೇರೆಯಾಗಿ ಹೇಳಬೇಕು.

ವರ್ಗೀಕರಣದ ತಪ್ಪು ಉದ್ದೇಶಪೂರ್ವಕವಾದಾಗ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ವರ್ಲ್ಡ್‌ಕಾಮ್ ಸಾಕ್ಷಿ. ಇತರ ದೂರವಾಣಿ ಕಂಪನಿಗಳ ತಂತಿಜಾಲ ಬಳಸಿದ್ದಕ್ಕೆ ಕೊಡುವ ಶುಲ್ಕ ಆ ಕಂಪನಿಯ ದಿನನಿತ್ಯದ ಖರ್ಚಾಗಿತ್ತು. 2001 ಮತ್ತು 2002ರ ಮೊದಲ ತ್ರೈಮಾಸಿಕದಲ್ಲಿ ಸುಮಾರು 380 ಕೋಟಿ ಡಾಲರ್‌ನಷ್ಟು ಈ ಶುಲ್ಕವನ್ನು ಆಸ್ತಿ ಎಂದು ಬರೆಯಲಾಯಿತು. ಲಾಭ ಉಬ್ಬಿತು. ಜೊತೆಗೆ ಕಾರ್ಯಾಚರಣೆಯಿಂದ ಹೊರಹೋಗಬೇಕಿದ್ದ ಹಣ ಹೂಡಿಕೆಯ ಭಾಗಕ್ಕೆ ಸರಿದು, ಕಾರ್ಯಾಚರಣೆಯ ನಗದೂ ಅಷ್ಟೇ ಉಬ್ಬಿತು. ಹಣ ನಿಜವಾಗಿಯೂ ಬ್ಯಾಂಕಿನಿಂದ ಹೋಗಿತ್ತು, ನಗದು ತಾಳೆಯಾಗುತ್ತಿತ್ತು. ಕಂಪನಿಯ ಒಳ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ ಸ್ಥಿರಾಸ್ತಿಯ ಸೇರ್ಪಡೆಗಳನ್ನು ಬೆನ್ನಟ್ಟಿ ಇದನ್ನು ಹೊರಗೆಳೆದರು. 2002ರ ಜೂನ್‌ನಲ್ಲಿ ಕಂಪನಿ ಅದನ್ನು ಒಪ್ಪಿಕೊಂಡಿತು. ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿಯಾಗಿ ನಿಲ್ಲುವ ಅರ್ಹತೆ ಇರುವ ಖರ್ಚನ್ನು ಮಾತ್ರ ಹೂಡಿಕೆಯ ಭಾಗದಲ್ಲಿ ತೋರಿಸಬಹುದು ಎಂದು ಇಂಡ್ ಎಎಸ್ 7 ಹೇಳುತ್ತದೆ. ಆದರೆ ಅರ್ಹತೆ ಇಲ್ಲದ್ದನ್ನೇ ಆಸ್ತಿ ಎಂದು ಬರೆದರೆ ನಿಯಮ ಪಾಲಿಸಿದಂತೆಯೇ ಕಾಣುತ್ತದೆ. ಹಾಗಾಗಿ ಸೇರ್ಪಡೆಯ ಪಟ್ಟಿಯಲ್ಲಿ ದುರಸ್ತಿ, ಸಂಬಳ, ಬಾಡಿಗೆಯಂಥ ಬಿಲ್ಲುಗಳು ನುಸುಳಿವೆಯೇ ಎಂದು ವೋಚರ್ ತೆರೆದು ನೋಡುವುದು ನಗದು ಹರಿವಿನ ಪರಿಶೋಧನೆಯದೇ ಭಾಗ.

ಸಾಲದ ಸಾಲಿಗೂ ಇದೇ ಕ್ರಮ. ನಮ್ಮ ಕಾರ್ಖಾನೆಯ ಸಾಲ 50 ಏರಿದೆ, ಪಟ್ಟಿಯಲ್ಲೂ 50 ಇದೆ. ಬ್ಯಾಂಕಿನ ಸಾಲದ ಖಾತೆ ತರಿಸಿದರೆ ಹೊಸದಾಗಿ ಪಡೆದದ್ದು 110, ತೀರಿಸಿದ್ದು 60 ಎಂದು ಕಾಣುತ್ತದೆ. ದೀರ್ಘಾವಧಿ ಸಾಲದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ತೋರಿಸಬೇಕು. ಹಳೆಯ ಸಾಲದ ಕಂತನ್ನು ಹೊಸ ಸಾಲದಿಂದ ಕಟ್ಟಲಾಗುತ್ತಿದೆಯೇ ಎಂಬ ಪ್ರಶ್ನೆ ಓದುಗನಿಗೆ ಹೊಳೆಯುವುದೇ ಆಗ. ಬಡ್ಡಿಯ ಬಗ್ಗೆ ಭಾರತದ ನಿಯಮ ಸ್ಪಷ್ಟವಾಗಿದೆ. ಹಣಕಾಸು ಸಂಸ್ಥೆಯಲ್ಲದ ಕಂಪನಿ ಕಟ್ಟಿದ ಬಡ್ಡಿ ಹಣಕಾಸಿನ ಭಾಗಕ್ಕೆ, ಪಡೆದ ಬಡ್ಡಿ ಮತ್ತು ಲಾಭಾಂಶ ಹೂಡಿಕೆಯ ಭಾಗಕ್ಕೆ ಸೇರುತ್ತವೆ. ಪಡೆದ ಬಡ್ಡಿಯನ್ನು ಲಾಭದಿಂದ ಕಳೆಯಲು ಮರೆತು ಕಾರ್ಯಾಚರಣೆಯಲ್ಲೇ ಬಿಡುವುದು ಪದೇಪದೇ ಸಿಗುವ ತಪ್ಪು.

ಇನ್ನು ನಗದಿನ ಸಾಲು. ಪಟ್ಟಿಯ ಪ್ರಕಾರ ನಗದು ಎಂದರೆ ಕೈಯಲ್ಲಿರುವ ಹಣ, ಬ್ಯಾಂಕಿನ ಚಾಲ್ತಿ ಖಾತೆ, ಮತ್ತು ತಕ್ಷಣ ಹಣವಾಗಬಲ್ಲ ಅಲ್ಪಾವಧಿ ಹೂಡಿಕೆ. ಅಲ್ಪಾವಧಿ ಎಂದರೆ ಸಾಮಾನ್ಯವಾಗಿ ಇಟ್ಟ ದಿನದಿಂದ ಮೂರು ತಿಂಗಳೊಳಗೆ ಅವಧಿ ಮುಗಿಯುವಂಥದ್ದು. ಒಂದು ವರ್ಷದ ಠೇವಣಿಗೆ ಮಾರ್ಚ್ 31ರಂದು ಒಂದೇ ತಿಂಗಳು ಉಳಿದಿದ್ದರೂ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಖಾನೆಯ 35ರಲ್ಲಿ 10 ಬ್ಯಾಂಕ್ ಗ್ಯಾರಂಟಿಗಾಗಿ ಈ ವರ್ಷ ಇಟ್ಟ ಒಂದು ವರ್ಷದ ಠೇವಣಿ ಎಂದು ರಸೀದಿ ನೋಡಿದಾಗ ತಿಳಿದರೆ, ನಗದು ಉಳಿಯುವುದು 25. ಠೇವಣಿಯ 10 ಹೂಡಿಕೆಯ ಹೊರಹರಿವಿಗೆ ಸೇರಿ ಅದು 154 ಆಗುತ್ತದೆ. 113ರಿಂದ 154 ಕಳೆದು 26 ಕೂಡಿಸಿದರೆ 15ರ ಇಳಿಕೆ, ಅಂದರೆ 40ರಿಂದ 25.

ಈ ಎಲ್ಲ ತಾಳೆಗೂ ಆಧಾರ ಬ್ಯಾಲೆನ್ಸ್ ಶೀಟ್. ಅಲ್ಲಿನ ನಗದೇ ಸುಳ್ಳಾದರೆ ಪಟ್ಟಿ ಆ ಸುಳ್ಳಿಗೇ ಅಚ್ಚುಕಟ್ಟಾಗಿ ಹೊಂದಿಕೊಳ್ಳುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, 2008ರ ಸೆಪ್ಟೆಂಬರ್ 30ರಂದು ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆದ್ದರಿಂದಲೇ ಬ್ಯಾಂಕ್ ಶಿಲ್ಕಿನ ದೃಢೀಕರಣ ಪತ್ರವನ್ನು ಪರಿಶೋಧಕ ತಾನೇ ಕಳುಹಿಸಬೇಕು, ಉತ್ತರ ಕಂಪನಿಯ ಕೈ ಹಾಯದೆ ಬ್ಯಾಂಕಿನಿಂದ ನೇರವಾಗಿ ಅವನಿಗೇ ಬರಬೇಕು ಎಂದು ಲೆಕ್ಕಪರಿಶೋಧನೆಯ ಮಾನದಂಡ ಎಸ್‌ಎ 505 ಹೇಳುತ್ತದೆ. ಕಂಪನಿಯ ಲೆಕ್ಕ ವಿಭಾಗ ತಂದುಕೊಟ್ಟ ಪ್ರತಿ ಆ ದೃಢೀಕರಣಕ್ಕೆ ಬದಲಿಯಾಗುವುದಿಲ್ಲ.

ತಪ್ಪು ಸಿಕ್ಕಾಗ ಪರಿಶೋಧಕ ತಿದ್ದುವಂತೆ ಆಡಳಿತವನ್ನು ಕೇಳುತ್ತಾನೆ. ಲಾಭ ಬದಲಾಗುವುದಿಲ್ಲವಲ್ಲ, ಬ್ಯಾಲೆನ್ಸ್ ಶೀಟ್‌ನ ಮೊತ್ತವೂ ಅಷ್ಟೇ ಇದೆಯಲ್ಲ ಎಂಬ ವಾದ ಆಗ ಸಾಮಾನ್ಯವಾಗಿ ಬರುತ್ತದೆ. ಗಾತ್ರವನ್ನು ಅಳೆಯಬೇಕಾದ್ದು ಆ ತಪ್ಪು ಬದಲಿಸಿದ ಸಾಲಿನ ಎದುರು, ಇಲ್ಲಿ 143ರ ಎದುರು 30. ಗಣನೀಯ ತಪ್ಪನ್ನು ತಿದ್ದಲು ಒಪ್ಪದಿದ್ದರೆ ವರದಿಯಲ್ಲಿ ಅಭಿಪ್ರಾಯವನ್ನು ಮಾರ್ಪಡಿಸಬೇಕಾಗುತ್ತದೆ. ಹಿಂದಿನ ವರ್ಷದ ಅಂಕಣವನ್ನೂ ಇದೇ ಕಣ್ಣಿನಿಂದ ನೋಡುವುದು ಅಗತ್ಯ. ಯಂತ್ರದ ಬಾಕಿಯನ್ನು ಕಚ್ಚಾವಸ್ತುವಿನ ಬಾಕಿಯೊಂದಿಗೆ ಬೆರೆಸುವ ರೂಢಿ ಒಂದೇ ವರ್ಷದ್ದಾಗಿರುವುದು ಅಪರೂಪ, ಹಳೆಯ ಅಂಕಿಗಳಲ್ಲೂ ಅದೇ ಗಣನೀಯ ತಪ್ಪು ಇದ್ದರೆ ಇಂಡ್ ಎಎಸ್ 8ರಂತೆ ಅವುಗಳನ್ನೂ ತಿದ್ದಿ, ತಿದ್ದಿದ್ದನ್ನು ಟಿಪ್ಪಣಿಯಲ್ಲಿ ತಿಳಿಸಬೇಕು.