ಬುಸುಗುಟ್ಟುವ ರೆಗ್ಯುಲೇಟರು

ಅಡಿಗೆಯ ಅನಿಲಕ್ಕೆ ಸ್ವಭಾವತಃ ವಾಸನೆಯಿಲ್ಲ. ಸಿಲಿಂಡರಿನಿಂದ ಹೊರಬಿದ್ದೊಡನೆ ಮೂಗಿಗೆ ಬಡಿಯುವ ಆ ಕೊಳೆತ ಎಲೆಕೋಸಿನಂಥ ನಾತವು ಮರ್ಕ್ಯಾಪ್ಟನ್ ಎಂಬ ಗಂಧಕಮಿಶ್ರ ದ್ರವ್ಯದ್ದು. ಸೋರಿಕೆಯನ್ನು ಮನೆಯವರಿಗೆ ತಿಳಿಸಲೆಂದೇ ಅದನ್ನು ಬೆರೆಸುತ್ತಾರೆ. ಆದರೆ ಮೂಗನ್ನು ಪೂರ್ತಿಯಾಗಿ ನೆಚ್ಚುವಂತಿಲ್ಲ. ನೆಗಡಿಯಾದವರಿಗೆ ವಾಸನೆ ಹತ್ತದು; ವಯಸ್ಸಾದವರಲ್ಲಿ ಘ್ರಾಣಶಕ್ತಿ ಕುಂದಿರುವುದುಂಟು; ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತವರ ಮೂಗು ಅದಕ್ಕೆ ಒಗ್ಗಿ, ವಾಸನೆ ಇದ್ದರೂ ಇಲ್ಲವೆನ್ನತೊಡಗುತ್ತದೆ. ಆದುದರಿಂದ ಕಿವಿ ಮತ್ತು ಕಣ್ಣುಗಳ ಸಾಕ್ಷ್ಯವೂ ಬೇಕು. ಕಿವಿಗೆ ಕೇಳಿಸುವುದು ರೆಗ್ಯುಲೇಟರಿನ ‘ಬುಸ್’ ಎಂಬ ಸದ್ದು. ಕಣ್ಣಿಗೆ ಕಾಣಿಸುವುದು ಸಾಬೂನಿನ ನೀರಿನ ಗುಳ್ಳೆ.

ಈ ಸದ್ದು ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಬೇಕಾದರೆ ರೆಗ್ಯುಲೇಟರಿನ ಕೆಲಸವನ್ನು ತುಸು ನೋಡಬೇಕು. ಮನೆಬಳಕೆಯ 14.2 ಕಿಲೋಗ್ರಾಂ ಸಿಲಿಂಡರಿನೊಳಗೆ ಅನಿಲವು ದ್ರವರೂಪದಲ್ಲಿ, ನಮ್ಮ ಸುತ್ತಲಿನ ಗಾಳಿಗಿಂತ ಹಲವು ಪಟ್ಟು ಒತ್ತಡದಲ್ಲಿ ಅಡಗಿ ಕುಳಿತಿರುತ್ತದೆ. ಸಿಲಿಂಡರಿನ ನೆತ್ತಿಯ ವಾಲ್ವಿನ ನಡುವೆ ಒಂದು ಪುಟ್ಟ ಪಿನ್ನು ಇದೆ. ರೆಗ್ಯುಲೇಟರಿನ ಗುಂಡಿಯನ್ನು ‘ಆನ್’ ಕಡೆಗೆ ತಿರುಗಿಸಿದಾಗ ಆ ಪಿನ್ನು ಒತ್ತಲ್ಪಟ್ಟು ಅನಿಲವು ಮೇಲಕ್ಕೆ ಬರುತ್ತದೆ. ‘ಆಫ್’ ಮಾಡಿದರೆ ಪಿನ್ನು ತಾನಾಗಿಯೇ ಮೇಲೆದ್ದು ದಾರಿಯನ್ನು ಮುಚ್ಚುತ್ತದೆ. ಮೇಲೆ ಬಂದ ಅನಿಲದ ಒತ್ತಡವನ್ನು ರೆಗ್ಯುಲೇಟರಿನೊಳಗಿನ ರಬ್ಬರಿನ ಪೊರೆಯೊಂದು ತಗ್ಗಿಸಿ, ಸುಮಾರು ಒಂದಡಿ ಎತ್ತರದ ನೀರಿನ ಭಾರಕ್ಕೆ ಸಮನಾದಷ್ಟನ್ನು ಮಾತ್ರ ನಳಿಕೆಗೆ ಬಿಡುತ್ತದೆ.

ಅಂದರೆ ರೆಗ್ಯುಲೇಟರಿನ ಕೆಳಗೆ ಉಗ್ರವಾದ ಒತ್ತಡ, ಅದರ ಮುಂದೆ ಸೌಮ್ಯವಾದ ಒತ್ತಡ. ಸೋರಿಕೆಯ ಲಕ್ಷಣಗಳೆಲ್ಲ ಈ ಒಂದು ಭೇದದಿಂದ ಹುಟ್ಟುತ್ತವೆ. ರಬ್ಬರು ನಳಿಕೆಯಲ್ಲೋ ಒಲೆಯ ತಿರುಪಿನಲ್ಲೋ ಬಿರುಕಿದ್ದರೆ ಅನಿಲವು ಸಾಮಾನ್ಯವಾಗಿ ಸದ್ದಿಲ್ಲದೆ ಜಾರಿಹೋಗುತ್ತದೆ, ವಾಸನೆ ಮಾತ್ರ ಬರುತ್ತದೆ. ಹಾವಿನಂತೆ ಬುಸುಗುಟ್ಟುವ ಸದ್ದು ಕೇಳಿಸಿತೆಂದರೆ ಬಹುಮಟ್ಟಿಗೆ ತಪ್ಪು ಇರುವುದು ಕೆಳಗೆ, ರೆಗ್ಯುಲೇಟರು ವಾಲ್ವಿನ ಮೇಲೆ ಕೂರುವ ಸಂಧಿಯಲ್ಲಿ. ಒಲೆ ಉರಿಯುವಾಗ ರೆಗ್ಯುಲೇಟರಿಗೆ ಕಿವಿಯಿಟ್ಟರೆ ಅನಿಲ ಹರಿಯುವ ಸಣ್ಣ ಗುಂಯ್ಗಾಟ ಕೇಳುವುದುಂಟು. ಒಲೆಯನ್ನು ನಿಲ್ಲಿಸಿದೊಡನೆ ಅದೂ ನಿಂತರೆ, ವಾಸನೆಯೂ ಇಲ್ಲದಿದ್ದರೆ, ಹೆದರಬೇಕಾಗಿಲ್ಲ. ಒಲೆಯ ತಿರುಪುಗಳೆಲ್ಲ ಮುಚ್ಚಿರುವಾಗಲೂ ಸದ್ದು ಬರುತ್ತಿದ್ದರೆ ಅದು ಸೋರಿಕೆಯೇ ಹೊರತು ಬೇರೆಯಲ್ಲ.

ಆ ಸಂಧಿಯನ್ನು ಭದ್ರವಾಗಿ ಕಾಯುವುದು ಕಿರುಬೆರಳಿಗೂ ಬಾರದಷ್ಟು ಚಿಕ್ಕದಾದ ಒಂದು ರಬ್ಬರಿನ ಬಳೆ. ‘ಓ ರಿಂಗ್’ ಎಂದು ಅದರ ಹೆಸರು. ಸಿಲಿಂಡರು ತರುವವರ ಬಾಯಲ್ಲಿ ಅದು ಬರಿಯ ‘ವಾಷರು’. ಬಹುಮಂದಿಗೆ ತಿಳಿಯದ ಸಂಗತಿಯೆಂದರೆ, ಈ ಬಳೆಯು ಇರುವುದು ರೆಗ್ಯುಲೇಟರಿನಲ್ಲಲ್ಲ, ಸಿಲಿಂಡರಿನ ವಾಲ್ವಿನೊಳಗೆ. ಆದಕಾರಣ ಪ್ರತಿಯೊಂದು ಹೊಸ ಸಿಲಿಂಡರಿನೊಡನೆ ಬೇರೊಂದು ಬಳೆ ಮನೆಗೆ ಬರುತ್ತದೆ. ಅದು ಸವೆದಿದ್ದರೆ, ಹರಿದಿದ್ದರೆ ಅಥವಾ ಜಾಗದಲ್ಲಿ ಇಲ್ಲದೆಯೇ ಹೋಗಿದ್ದರೆ ನಿರ್ದೋಷಿಯಾದ ರೆಗ್ಯುಲೇಟರೂ ಬುಸುಗುಟ್ಟುತ್ತದೆ. ಪಾಪ, ಬೈಗುಳವೆಲ್ಲ ರೆಗ್ಯುಲೇಟರಿಗೇ.

ಶಿವಮೊಗ್ಗದ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸಂಜೆಯ ವೇಳೆ. ಹಳೆಯ ಸಿಲಿಂಡರಿನ ಉರಿ ಸಣ್ಣಗಾಗಿದೆಯೆಂದು ಸೊಸೆಯು ಹೊಸದನ್ನು ಜೋಡಿಸಿ ಗುಂಡಿಯನ್ನು ತಿರುಗಿಸುತ್ತಾಳೆ. ಕೂಡಲೇ ಸಣ್ಣಗೆ ‘ಬುಸ್’ ಎಂಬ ಸದ್ದು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆಗೆ ವಾಸನೆ ತಿಳಿಯುವುದಿಲ್ಲ.

“ಸರಿಯಾಗಿ ಕೂತಿಲ್ಲವೇನೋ, ಇನ್ನೊಂದು ಸಲ ಒತ್ತು” ಎನ್ನುತ್ತಾರೆ ಅವರು.

“ಒತ್ತುವುದು ಆಮೇಲೆ ಅತ್ತೆ. ಮೊದಲು ದೇವರ ಮುಂದಿನ ದೀಪ ಶಾಂತ ಮಾಡಿ. ಲೈಟು ಹಾಕಬೇಡಿ” ಎಂದು ಸೊಸೆ ಗುಂಡಿಯನ್ನು ‘ಆಫ್’ ಮಾಡುತ್ತಾಳೆ. ಸದ್ದು ನಿಲ್ಲುತ್ತದೆ.

ಇಷ್ಟರಲ್ಲಿಯೇ ಅವಳಿಗೆ ಒಂದು ಮುಖ್ಯವಾದ ವಿಷಯ ಗೊತ್ತಾಯಿತು. ಗುಂಡಿ ತಿರುಗಿಸಿದಾಗ ಸದ್ದು ನಿಂತಿತಾದ್ದರಿಂದ ವಾಲ್ವಿನ ಪಿನ್ನು ಸರಿಯಾಗಿ ಮುಚ್ಚಿಕೊಳ್ಳುತ್ತಿದೆ. ರೆಗ್ಯುಲೇಟರನ್ನು ತೆಗೆದ ಮೇಲೂ ಸದ್ದು ಮುಂದುವರಿದಿದ್ದರೆ ದೋಷವು ವಾಲ್ವಿನದೇ ಆಗುತ್ತಿತ್ತು. ಆಗ ಮಾಡತಕ್ಕದ್ದು ಒಂದೇ: ದಾರದಿಂದ ಸಿಲಿಂಡರಿಗೆ ಕಟ್ಟಿರುವ ಪ್ಲಾಸ್ಟಿಕ್ ಟೋಪಿಯನ್ನು ವಾಲ್ವಿನ ಮೇಲಿಟ್ಟು ‘ಟಕ್’ ಎನ್ನುವವರೆಗೆ ಒತ್ತುವುದು. ಆ ಟೋಪಿಯು ಅಲಂಕಾರಕ್ಕಲ್ಲ. ಸೋರುವ ವಾಲ್ವನ್ನು ತಡೆಯುವುದೇ ಅದರ ಕೆಲಸ. ಅದನ್ನು ಕತ್ತರಿಸಿ ಮಕ್ಕಳ ಆಟಕ್ಕೆ ಕೊಡುವ ಮನೆಗಳಿವೆ!

ಸೊಸೆಯು ಅದೇ ಟೋಪಿಯನ್ನು ಹಾಕಿ, ಹೊಸ ಸಿಲಿಂಡರನ್ನು ಹಿತ್ತಲಿನ ಬಯಲಿಗೆ ಸಾಗಿಸಿ, ಕಿಟಕಿ ಬಾಗಿಲುಗಳನ್ನು ತೆರೆದಿಟ್ಟಳು. ಅನಿಲವು ಗಾಳಿಗಿಂತ ಭಾರವಾದುದು. ನೆಲದ ಮೇಲೆ ಹರಡಿ, ಕಟ್ಟೆಯ ಕೆಳಗೆ, ಬಚ್ಚಲ ತೂಬಿನಲ್ಲಿ ತಂಗುತ್ತದೆ. ಕಿಟಕಿಯೊಂದೇ ಸಾಲದು, ನೆಲಮಟ್ಟದ ಬಾಗಿಲೂ ತೆರೆದಿರಬೇಕು. ಗಾಳಿಯಲ್ಲಿ ಇದರ ಪಾಲು ನೂರಕ್ಕೆ ಎರಡರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸ್ವಿಚ್ಚನ್ನು ಹಾಕುವಾಗಲೂ ಕಿಡಿ ಹುಟ್ಟುತ್ತದೆ, ಆರಿಸುವಾಗಲೂ ಹುಟ್ಟುತ್ತದೆ. ಹೊಗೆ ಹೊರದೂಡುವ ಪಂಖವನ್ನು ಹಾಕಿ ಅನಿಲವನ್ನು ಓಡಿಸುವೆನೆನ್ನುವುದು ಆದ್ದರಿಂದಲೇ ಅಪಾಯ.

ಅರ್ಧ ಗಂಟೆಯ ತರುವಾಯ ವಾಸನೆ ಪೂರ್ತಿ ಹೋದುದನ್ನು ಕಂಡುಕೊಂಡು, ಅವಳು ರೆಗ್ಯುಲೇಟರನ್ನು ಇನ್ನೂ ಸ್ವಲ್ಪ ಅನಿಲ ಉಳಿದಿದ್ದ ಹಳೆಯ ಸಿಲಿಂಡರಿಗೆ ಜೋಡಿಸಿದಳು. ಕಪ್ಪು ಬಳೆಯನ್ನು ಮೇಲಕ್ಕೆತ್ತಿ, ರೆಗ್ಯುಲೇಟರನ್ನು ನೇರವಾಗಿ ವಾಲ್ವಿನ ಮೇಲಿಟ್ಟು ತುಸು ತಿರುಗಿಸುತ್ತ ಒತ್ತಿ, ಬಳೆಯನ್ನು ಕೆಳಕ್ಕೆ ಬಿಟ್ಟಳು. ಹೀಗೆ ಕೂತ ರೆಗ್ಯುಲೇಟರು ಸುತ್ತಲೂ ತಿರುಗಬಲ್ಲುದು, ಅದು ಸಹಜ. ಬಳೆಯನ್ನು ಎತ್ತದೆಯೇ ಮೇಲೆ ಎಳೆದರೆ ಮಾತ್ರ ಕಳಚಿ ಬರಕೂಡದು. ಈಗ ಸದ್ದಿಲ್ಲ. ಆದರೆ ಸದ್ದಿಲ್ಲವೆಂದ ಮಾತ್ರಕ್ಕೆ ಸೋರಿಕೆಯಿಲ್ಲವೆನ್ನುವಂತಿಲ್ಲವಷ್ಟೆ. ಇಲ್ಲಿ ಸಾಬೂನಿನ ನೀರಿನ ಸರದಿ.

ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಎರಡು ಚಮಚ ಹಾಕಿ ಮೆಲ್ಲಗೆ ಕಲಕಬೇಕು. ನೊರೆಯೆಬ್ಬಿಸಬಾರದು; ಮೊದಲೇ ನೊರೆಯಿದ್ದರೆ ಹಳೆಯ ಗುಳ್ಳೆ ಯಾವುದು, ಹೊಸದು ಯಾವುದು ಎಂದು ತಿಳಿಯುವುದಿಲ್ಲ. ಒಲೆಯ ತಿರುಪುಗಳೆಲ್ಲ ಮುಚ್ಚಿರಬೇಕು, ರೆಗ್ಯುಲೇಟರಿನ ಗುಂಡಿ ‘ಆನ್’ ಇರಬೇಕು. ನಳಿಕೆಯಲ್ಲಿ ಒತ್ತಡವಿಲ್ಲದೆ ಪರೀಕ್ಷಿಸಿದರೆ ಏನೂ ಕಾಣದು, ಆ ‘ಏನೂ ಇಲ್ಲ’ಕ್ಕೆ ಬೆಲೆಯೂ ಇಲ್ಲ. ಹತ್ತಿಯನ್ನೋ ಸಣ್ಣ ಕುಂಚವನ್ನೋ ನೀರಿನಲ್ಲಿ ಅದ್ದಿ, ರೆಗ್ಯುಲೇಟರು ವಾಲ್ವಿಗೆ ಸೇರುವ ಸುತ್ತಂಚು, ರೆಗ್ಯುಲೇಟರಿನ ಮೈ, ನಳಿಕೆಯ ಎರಡು ತುದಿಗಳು, ನಳಿಕೆಯ ಉದ್ದ, ಒಲೆಯ ತಿರುಪುಗಳ ಬುಡ, ಹೀಗೆ ಕ್ರಮವಾಗಿ ಸವರುತ್ತ ಬರಬೇಕು. ನಳಿಕೆಯನ್ನು ಸವರುವಾಗ ಮೆಲ್ಲಗೆ ಬಾಗಿಸಿದರೆ ಮುಚ್ಚಿಕೊಂಡಿದ್ದ ಬಿರುಕು ಬಾಯಿ ತೆರೆಯುತ್ತದೆ.

ಅನಂತರ ಅವಸರಪಡದೆ ಒಂದೊಂದು ಕಡೆಯೂ ಒಂದು ನಿಮಿಷ ನೋಡಬೇಕು. ಸವರುವಾಗಲೇ ಹುಟ್ಟಿದ ಗುಳ್ಳೆಗಳು ಇದ್ದಲ್ಲಿಯೇ ಒಡೆದುಹೋಗುತ್ತವೆ. ಸೋರಿಕೆಯ ಗುಳ್ಳೆಯಾದರೋ ಬೆಳೆಯುತ್ತದೆ. ಒಡೆದರೆ ಅದೇ ಜಾಗದಲ್ಲಿ ಮತ್ತೊಂದು ಹುಟ್ಟುತ್ತದೆ. ನಳಿಕೆಯ ಕಡೆ ಒತ್ತಡ ಕಡಿಮೆಯಾದ್ದರಿಂದ ಗುಳ್ಳೆಯು ಅಕ್ಕಿಕಾಳಿನಷ್ಟಾಗಲು ಕೆಲವು ಸೆಕೆಂಡುಗಳೇ ಬೇಕಾಗಬಹುದು. ವಾಲ್ವಿನ ಸಂಧಿಯಲ್ಲಿಯಾದರೆ ಗುಳ್ಳೆ ನಿಲ್ಲುವಷ್ಟೂ ಪುರುಸೊತ್ತಿಲ್ಲದೆ ಸಾಬೂನಿನ ನೀರೇ ಸಿಡಿದುಹೋಗುತ್ತದೆ. ‘ಗುಳ್ಳೆ ಕಾಣಲಿಲ್ಲ’ ಎಂದು ಮೋಸಹೋಗಬಾರದು. ರೆಗ್ಯುಲೇಟರಿನ ಮೈಮೇಲೆ ಸೂಜಿಮೊನೆಯಂಥ ಒಂದು ರಂಧ್ರವಿರುತ್ತದೆ. ಒಳಗಿನ ಪೊರೆಯು ಏರಿಳಿಯುವಾಗ ಗಾಳಿಯಾಡಲೆಂದು ಅದನ್ನು ಬಿಟ್ಟಿರುತ್ತಾರೆ. ಅಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಬಂದರೆ ಪೊರೆ ಹರಿದಿದೆಯೆಂದೇ ಅರ್ಥ. ಆ ರೆಗ್ಯುಲೇಟರಿನ ಆಯುಷ್ಯ ಮುಗಿಯಿತು. ರಂಧ್ರಕ್ಕೆ ಮೇಣ ಮೆತ್ತಿ ಬಾಯಿ ಮುಚ್ಚಿಸಿದರೆ ಒತ್ತಡದ ಹತೋಟಿಯೇ ತಪ್ಪೀತು.

ಸೊಸೆಯ ಪರೀಕ್ಷೆಯಲ್ಲಿ ಎಲ್ಲಿಯೂ ಗುಳ್ಳೆ ಬೆಳೆಯಲಿಲ್ಲ. ತೀರ್ಪು ಸ್ಪಷ್ಟವಾಯಿತು. ಒಂದೇ ರೆಗ್ಯುಲೇಟರು ಒಂದು ಸಿಲಿಂಡರಿನ ಮೇಲೆ ಬುಸುಗುಟ್ಟಿ ಇನ್ನೊಂದರ ಮೇಲೆ ಮೌನವಾಗಿದ್ದರೆ ದೋಷವು ಸಿಲಿಂಡರಿನ ಬಳೆಯದು. ಎರಡರ ಮೇಲೂ ಬುಸುಗುಟ್ಟಿದರೆ ರೆಗ್ಯುಲೇಟರನ್ನು ಸಂದೇಹಿಸಬೇಕು. ಹಿತ್ತಲಿಗೆ ಹೋಗಿದ್ದ ಸಿಲಿಂಡರನ್ನು ಅವಳು ಮತ್ತೆ ತಂದು ಸಾಬೂನು ಹಚ್ಚಿ ನೋಡಲಿಲ್ಲವೆಂಬುದು ಗಮನಾರ್ಹ. ಬುಸ್ಸೆಂದದ್ದೇ ಸಾಕ್ಷಿಯಾದ ಮೇಲೆ ಇನ್ನೊಂದು ಸಾಕ್ಷಿಯೇಕೆ? ಸಾಬೂನಿನ ಪರೀಕ್ಷೆ ಸಂದೇಹಕ್ಕೆ, ಹೊಸ ಜೋಡಣೆಯ ಖಾತ್ರಿಗೆ. ಮನೆ ತುಂಬ ನಾತ ಹರಡಿರುವಾಗ ಬಟ್ಟಲು ಹಿಡಿದು ಕೂರುವುದಕ್ಕಲ್ಲ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರ ಮಾತಂತೂ ಬೇಡ.

ಮರುದಿನ ವಿತರಕರ ಕಡೆಯ ಹುಡುಗ ಬಂದು, ಟಾರ್ಚು ಬಿಟ್ಟು ವಾಲ್ವಿನೊಳಗೆ ಇಣುಕಿ, “ವಾಷರು ಒಂದು ಕಡೆ ಹರಿದಿದೆ ಅಮ್ಮಾ” ಎಂದು ತನ್ನ ಸಲಕರಣೆಯಿಂದ ಬೇರೆ ಬಳೆಯನ್ನು ಕೂರಿಸಿದ. ಸಾಬೂನು ನೀರು ಹಚ್ಚಿ ತೋರಿಸಿ, ಒದ್ದೆಯನ್ನು ಒಣಬಟ್ಟೆಯಿಂದ ಒರಸಿ ಹೋದ. ಈ ಕೆಲಸವನ್ನು ಮನೆಯ ಪಿನ್ನು, ಕೂದಲ ಕ್ಲಿಪ್ಪುಗಳಿಂದ ಮಾಡಹೋಗುವವರಿದ್ದಾರೆ. ಬಳೆಯ ಕೆಳಗೇ ವಾಲ್ವಿನ ಪಿನ್ನು ಇದೆ. ಅದು ಒತ್ತಿತೆಂದರೆ ಒಳಗಿನ ಒತ್ತಡವೆಲ್ಲ ಮುಖಕ್ಕೇ ನುಗ್ಗುತ್ತದೆ.

ಉಪಯೋಗವನ್ನು ಯಾವಾಗ ನಿಲ್ಲಿಸಬೇಕೆಂಬುದಕ್ಕೆ ಇಷ್ಟು ಹೇಳಬಹುದು. ಬೆಳೆಯುವ ಗುಳ್ಳೆ ಎಲ್ಲಿ ಕಂಡರೂ, ಅದು ಎಷ್ಟೇ ಚಿಕ್ಕದಾದರೂ, ಅಂದಿನ ಅಡಿಗೆ ಬೇರೆ ಒಲೆಯಲ್ಲಿ. ರೆಗ್ಯುಲೇಟರು ‘ಟಕ್’ ಎಂದು ಕೂರದಿದ್ದರೆ, ಗುಂಡಿ ಸಡಿಲವಾಗಿ ಆನ್ ಆಫ್‌ಗಳ ನಡುವೆ ನಿಂತುಬಿಟ್ಟರೆ, ಎತ್ತರದಿಂದ ಬಿದ್ದು ಮೈ ಸೀಳಿದ್ದರೆ, ಹಿಂದೆಂದೂ ಇಲ್ಲದಂತೆ ಉರಿಯು ಎದ್ದೆದ್ದು ಬೀಳುತ್ತ ಭೋರ್ಗರೆದರೆ, ಅದನ್ನು ಮತ್ತೆ ಜೋಡಿಸಕೂಡದು. ಬಿಚ್ಚಿ ಸರಿಪಡಿಸುವ ವಸ್ತು ಅದಲ್ಲ. ವಿತರಕರಲ್ಲಿ ಕೊಟ್ಟು ಬೇರೊಂದನ್ನು ಪಡೆಯಬೇಕು. ನಳಿಕೆಗೆ ಐದು ವರ್ಷ ಮೀರಿದ್ದರೆ ಗುಳ್ಳೆ ಕಾಣದಿದ್ದರೂ ಬದಲಾಯಿಸಬೇಕು. ಸೋರುವೆಡೆಗೆ ಟೇಪು ಸುತ್ತುವುದು, ಬಾರ್ ಸೋಪನ್ನು ಒತ್ತಿ ತುಂಬುವುದು ನಮ್ಮಲ್ಲಿ ಬಹಳ ದಿನಗಳಿಂದ ನಡೆದುಬಂದ ವೈದ್ಯ. ಒಣಗಿದ ಸೋಪು ಬಿರಿಯುವುದು ಸಾಮಾನ್ಯವಾಗಿ ಮನೆಯವರೆಲ್ಲ ಮಲಗಿರುವಾಗ.

ಸಿಲಿಂಡರು ಬರಿದಾಗುತ್ತ ಬಂದಾಗ ವಾಸನೆ ಹೆಚ್ಚುವುದೆಂದು ಅನುಭವಸ್ಥರು ಹೇಳುತ್ತಾರೆ, ಅದು ದಿಟ. ಮರ್ಕ್ಯಾಪ್ಟನ್ ಅನಿಲಕ್ಕಿಂತ ನಿಧಾನವಾಗಿ ಆವಿಯಾಗುವುದರಿಂದ ತಳದಲ್ಲಿ ಸಾಂದ್ರವಾಗಿ ಉಳಿಯುತ್ತದೆ. ಆದರೆ ಒಲೆ ಹೊತ್ತಿಸುವ ಕ್ಷಣದಲ್ಲಿ ಬಂದು ಹೋಗುವ ವಾಸನೆ ಬೇರೆ, ಒಲೆ ಮುಚ್ಚಿದ ಮೇಲೂ ನಿಂತಿರುವ ವಾಸನೆ ಬೇರೆ. ಎರಡನೆಯದನ್ನು ‘ಸಿಲಿಂಡರು ಖಾಲಿಯಾಗುತ್ತಿದೆ’ ಎಂಬ ಸಮಾಧಾನದಿಂದ ಕಡೆಗಣಿಸಬಾರದು.

ಗುಂಡಿ ತಿರುಗಿಸಿ ಟೋಪಿ ಹಾಕಿದ ಮೇಲೂ ಅನಿಲ ನಿಲ್ಲದಿದ್ದರೆ ಮನೆಯವರೆಲ್ಲ ಹೊರಬಿದ್ದು, ಬೀದಿಗೆ ಬಂದ ಮೇಲೆ 1906 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಹಗಲಿರುಳೂ ಸೋರಿಕೆಯ ದೂರನ್ನು ಕೇಳುವ ಸಂಖ್ಯೆ ಅದು. ಫೋನನ್ನು ಅಡಿಗೆಮನೆಯಲ್ಲಿ ನಿಂತು ಮಾಡಬಾರದು.